ವಿಧ್ಯರ್ಥದ ಪ್ರತಿರೋಧ: ಬಾನು ಮುಷ್ತಾಕರ ಎರಡು ಕತೆಗಳಲ್ಲಿ ದನಿ ಮತ್ತು ಕ್ರಿಯಾರೂಪ

ಬಂಡಾಯದ ಕತೆಗಳ ಪ್ರತಿರೋಧವನ್ನು ವಿಮರ್ಶೆ ಸಾಮಾನ್ಯವಾಗಿ ವಸ್ತುವಿನಲ್ಲಿ, ಇಲ್ಲವೇ ಉಪಭಾಷೆಯ ಬಳಕೆಯಲ್ಲಿ ಗುರುತಿಸಿದೆ. ಅದು ಕ್ರಿಯಾಪದದ ರೂಪದಲ್ಲಿಯೂ ನೆಲೆಸಿರಬಲ್ಲದು ಎಂಬುದು ನಮ್ಮ ವಾದ. ಕನ್ನಡ ವ್ಯಾಕರಣಗಳು ಆಜ್ಞೆ, ಪ್ರಾರ್ಥನೆ, ಹಾರೈಕೆ, ಶಾಪಗಳನ್ನು ವಿಧ್ಯರ್ಥವೆಂಬ ಒಂದೇ ವರ್ಗದಲ್ಲಿ ಇರಿಸುತ್ತವೆ. ಬಾನು ಮುಷ್ತಾಕರ ಎರಡು ಕತೆಗಳು ಈ ವರ್ಗದ ಒಳಗಣ ಸಂದಿಗ್ಧತೆಯನ್ನು ದುಡಿಸಿಕೊಳ್ಳುತ್ತವೆ.

‘ಒಮ್ಮೆ ಹೆಣ್ಣಾಗು ಪ್ರಭುವೇ’ ಕತೆಯ ನಿರೂಪಕಿ ಗಂಡನ ಹಣದಾಸೆಗೂ ಅವನ ಮರುಮದುವೆಗೂ ಬಲಿಯಾದವಳು. ಅವಳು ಮಾತಾಡುವುದು ದೇವರೊಡನೆ. ಶೀರ್ಷಿಕೆಯಲ್ಲಿರುವ ‘ಆಗು’ ಏಕವಚನ. ಗಂಡನನ್ನು ಬಹುವಚನದಲ್ಲಿ ಕರೆಯುವುದೇ ರೂಢಿಯಾದ ಸಮಾಜದಲ್ಲಿ ಅವನಿಗಿಂತ ದೊಡ್ಡವನಾದ ದೇವರಿಗೆ ಏಕವಚನ ಸಲ್ಲುತ್ತದೆ. ಆದರೆ ಇಷ್ಟರಿಂದಲೇ ಇದನ್ನು ಬಂಡಾಯವೆನ್ನಲಾಗದು. ವಚನ, ಕೀರ್ತನೆಗಳ ಭಕ್ತರೂ ದೇವರನ್ನು ಹೀಗೆಯೇ ಕರೆದಿದ್ದಾರೆ. ‘ಆಗು’ ಇರುವಲ್ಲಿ ‘ಕರುಣಿಸು’ ಎಂದಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕರುಣಿಸುವ ದೇವರು ತನ್ನ ಸ್ಥಾನದಲ್ಲಿಯೇ ಉಳಿಯುತ್ತಾನೆ. ಹೆಣ್ಣಾಗುವ ದೇವರು ಆ ಸ್ಥಾನವನ್ನು ಬಿಟ್ಟುಕೊಡಬೇಕು. ಪ್ರಾರ್ಥನೆಯ ರೂಪವನ್ನು ಕದಲಿಸದೆಯೇ ವಾಕ್ಯವು ಆಜ್ಞೆಯ ಅಂಚಿಗೆ ಬಂದು ನಿಲ್ಲುತ್ತದೆ. ‘ಒಮ್ಮೆ’ ಎಂಬ ಅವ್ಯಯ ಬೇಡಿಕೆಯನ್ನು ಕಿರಿದುಗೊಳಿಸಿದಂತೆ ಕಂಡರೂ, ಒಂದು ಸಲದ ಅನುಭವವೇ ಸಾಕೆಂಬ ಕಟುತ್ವವೂ ಅದರಲ್ಲಿದೆ.

ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ ‘ಆಗು’ ಎಂಬುದು ‘ಬಿ’ ಆಗಿದೆ. ಕನ್ನಡವು ‘ಇರು’ ಮತ್ತು ‘ಆಗು’ಗಳಲ್ಲಿ ಬೇರ್ಪಡಿಸುವ ಸ್ಥಿತಿ ಮತ್ತು ಪರಿವರ್ತನೆಗಳೆರಡನ್ನೂ ಆ ಒಂದೇ ಪದ ಹೊರಬೇಕಾಗುತ್ತದೆ; ಏಕವಚನದ ಸಲುಗೆಯೂ ಅಳಿಸಿಹೋಗುತ್ತದೆ. ಇದು ಅನುವಾದಕಿಯ ದೋಷವಲ್ಲ, ಭಾಷಾರಚನೆಗಳ ಭೇದ.

‘ಕರಿ ನಾಗರಗಳು’ ಕತೆಯ ದಾರಿ ಬೇರೆ. ಗಂಡ ತೊರೆದ ಹೆಣ್ಣು ಮಕ್ಕಳೊಡನೆ ಮಸೀದಿಯಲ್ಲಿ ಕುಳಿತು ನ್ಯಾಯ ಕೇಳುತ್ತಾಳೆ. ಮುತವಲ್ಲಿ ನುಣುಚಿಕೊಳ್ಳುತ್ತಾನೆ, ಮಗು ಸಾಯುತ್ತದೆ, ಊರಿನ ಹೆಂಗಸರು ಅವನನ್ನು ಶಪಿಸುತ್ತಾರೆ. ಕನ್ನಡದಲ್ಲಿ ಇಂತಹ ಶಾಪದ ಸಹಜ ರೂಪವೆಂದರೆ ‘ಹಾಳಾಗಲಿ’ ಎಂಬಂತಹ ‘-ಅಲಿ’ ಪ್ರತ್ಯಯದ ಕ್ರಿಯಾಪದ. ಅದಕ್ಕೆ ಲಿಂಗವಚನಗಳ ಹೊಂದಾಣಿಕೆ ಇಲ್ಲ: ಅವನು, ಅವರು, ಅದು ಎಲ್ಲಕ್ಕೂ ‘ಆಗಲಿ’ ಒಂದೇ. ಮುತವಲ್ಲಿಗೆ ಊರು ಸಲ್ಲಿಸುವ ಗೌರವವನ್ನು ಈ ಕ್ರಿಯಾಪದ ಸೂಚಿಸಲಾರದು. ಶಪಿಸುವವರು ಅಗೌರವವನ್ನು ಆಯ್ದುಕೊಳ್ಳುವ ಅಗತ್ಯವೂ ಇಲ್ಲ.

ಎರಡು ರೂಪಗಳಿಗೂ ಒಂದು ಮಿತಿಯಿದೆ. ದೇವರು ಉತ್ತರಿಸುವುದಿಲ್ಲ; ಶಾಪಕ್ಕೆ ಉತ್ತರಿಸುವ ಹೊಣೆ ಮುತವಲ್ಲಿಗಿಲ್ಲ. ಅಧಿಕಾರಸ್ಥನಿಗೆ ನೇರವಾಗಿ ‘ಕೊಡು’ ಎನ್ನಲಾಗದ ಹೆಣ್ಣಿಗೆ ವ್ಯಾಕರಣ ಉಳಿಸಿರುವ ದಾರಿಗಳು ಇವು. ದನಿಯ ಅಧ್ಯಯನವು ಯಾರು ಮಾತಾಡಿದರೆಂಬುದರ ಜೊತೆಗೆ, ಯಾರನ್ನು ಯಾವ ರೂಪದಲ್ಲಿ ಕರೆಯಲಾಗಲಿಲ್ಲ ಎಂಬುದನ್ನೂ ದಾಖಲಿಸಬೇಕೆಂದು ನಾವು ಭಾವಿಸುತ್ತೇವೆ.