ಮೌನದಲ್ಲೇ ಕಾಯುವ ಆಂಪ್ಲಿಫೈಯರ್

ಹಾಡು ಶುರುವಾಗುವ ಮೊದಲೇ ಇದರ ಹೀಟ್‌ಸಿಂಕ್ ಮುಟ್ಟಿ ನೋಡಿ, ಬೆರಳು ಹೆಚ್ಚು ಹೊತ್ತು ನಿಲ್ಲದು. ಜಾನ್ ಲಿನ್ಸ್‌ಲಿ ಹುಡ್ 1969ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ, ನಾಲ್ಕೇ ಟ್ರಾನ್ಸಿಸ್ಟರುಗಳ ಕ್ಲಾಸ್ ಎ ಆಂಪ್ಲಿಫೈಯರ್ ಇದು. 8 ಓಮ್ ಸ್ಪೀಕರಿಗೆ 27 ವೋಲ್ಟ್, 1.2 ಆಂಪಿಯರ್. ಗುಣಿಸಿದರೆ ಸುಮಾರು 32 ವ್ಯಾಟ್. ಸದ್ದೇ ಇಲ್ಲದಾಗ ಅಷ್ಟೂ ಶಾಖವಾಗಿ, ಎರಡು ಔಟ್‌ಪುಟ್ ಟ್ರಾನ್ಸಿಸ್ಟರುಗಳು ತಲಾ 16 ವ್ಯಾಟ್ ಹೊರುತ್ತವೆ. ನನಗೆ ಎಂದೂ ಹಳತಾಗದ ಬೆರಗು ಮುಂದಿನದು: ಸ್ಪೀಕರಿಗೆ 10 ವ್ಯಾಟ್ ಹೋದಾಗ ಟ್ರಾನ್ಸಿಸ್ಟರುಗಳ ಪಾಲಿಗೆ ಉಳಿಯುವುದು 22 ಮಾತ್ರ. ಎಳೆಯುವ ಸರಾಸರಿ ಕರೆಂಟು ಬದಲಾಗುವುದಿಲ್ಲ, ಹಾಡಿದಷ್ಟೂ ತಣ್ಣಗಾಗುತ್ತದೆ!

ಅದೇ 27 ವೋಲ್ಟಿನಲ್ಲಿ ಕ್ಲಾಸ್ ಬಿ ಪುಷ್-ಪುಲ್ ಕಟ್ಟಿದರೆ ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನರ್ಧವನ್ನು ಇನ್ನೊಂದು ಹೊರುತ್ತದೆ. ತನ್ನ ಸರದಿಯಲ್ಲದಾಗ ಪ್ರತಿಯೊಂದಕ್ಕೂ ವಿಶ್ರಾಂತಿ. ಮೌನದಲ್ಲಿ ಶಾಖ ಹೆಚ್ಚುಕಡಿಮೆ ಸೊನ್ನೆ. ಅದು ಅತಿ ಹೆಚ್ಚು ಕಾಯುವುದು ಪೂರ್ತಿ ದನಿಯಲ್ಲೂ ಅಲ್ಲ. ಅಲೆಯ ಎತ್ತರ ಗರಿಷ್ಠದ ಶೇಕಡಾ 64 ಇದ್ದಾಗ. ಆಗಲೂ ಎರಡೂ ಸೇರಿ 4.6 ವ್ಯಾಟ್ ಅಷ್ಟೇ. ಪೂರ್ತಿ ದನಿಯಲ್ಲಿ ಆದರ್ಶ ದಕ್ಷತೆ ಶೇಕಡಾ 78.5, ಹುಡ್ ಅವರದು 10 ವ್ಯಾಟಿನಲ್ಲಿ 31ರ ಆಸುಪಾಸು.

ಲೆಕ್ಕ ಪುಷ್-ಪುಲ್ ಪರ. ಆದರೆ ಸರದಿ ಬದಲಾಗುವ ಸೊನ್ನೆಯ ಬಳಿ ಅಲೆಯಲ್ಲಿ ಪುಟ್ಟ ಮೆಟ್ಟಿಲು ಮೂಡುತ್ತದೆ. ತಾನದ ಕೊನೆಯಲ್ಲಿ ವೀಣೆಯ ತಂತಿಯ ನಾದ ಕ್ಷೀಣಿಸುತ್ತ ಹೋಗುವಾಗ, ಅಲೆ ಚಿಕ್ಕದಾದಷ್ಟೂ ಆ ಮೆಟ್ಟಿಲೇ ದೊಡ್ಡದಾಗಿ, ಒರಟಾಗಿ ಕೇಳುತ್ತದೆ. ಹುಡ್ ಅವರ ಜೋಡಿ ಒಂದರ ಕೈಯಿಂದ ಇನ್ನೊಂದಕ್ಕೆ ದಾಟಿಸುವುದೇ ಇಲ್ಲ. ಎರಡೂ ಕೈಬಿಡದೆ, ಬೆವರುತ್ತ, ಆ ನಾದವನ್ನು ನಿಶ್ಶಬ್ದದವರೆಗೂ ನುಣುಪಾಗಿ ಇಳಿಸುತ್ತವೆ.