H1 ಸೆಲ್‌ನಲ್ಲಿ ಕೂತ ವಿನಿಮಯ ದರ

ಸಿದ್ದಾಪುರ ತಾಲೂಕಿನ ತ್ಯಾಗಲಿಯಂಥ ಊರಿನಿಂದ ಕಾಳುಮೆಣಸು, ಏಲಕ್ಕಿ, ಒಣಗಿಸಿದ ಮುರುಗಲ ಸಿಪ್ಪೆ ಪ್ಯಾಕ್ ಮಾಡಿ ಹೊರದೇಶಕ್ಕೆ ಕಳಿಸುವ ಸಣ್ಣ ರಫ್ತುದಾರರ ಲೆಕ್ಕದ ಪುಸ್ತಕ ಹೆಚ್ಚಾಗಿ ಒಂದು ಎಕ್ಸೆಲ್ ಫೈಲ್. ಮೇಲಿನ ಮೂಲೆಯಲ್ಲಿ H1 ಎಂಬ ಸೆಲ್‌ಗೆ ಆ ದಿನದ ವಿನಿಮಯ ದರ ಹಾಕಿರುತ್ತಾರೆ. ಕೆಳಗಿನ ಪ್ರತಿ ಸಾಲಿನಲ್ಲೂ `=E12*$H$1` ಎಂಬಂಥ ಸೂತ್ರ. ಚೊಕ್ಕಟವಾಗಿ ಕಾಣುತ್ತದೆ, ಮೊದಲ ಆರ್ಡರ್‌ಗೆ ಸರಿಯಾಗಿಯೂ ಕೆಲಸ ಮಾಡುತ್ತದೆ. ಎರಡನೇ ಆರ್ಡರ್‌ಗೆ H1 ತಿದ್ದಿದ ಗಳಿಗೆಯಲ್ಲಿ ಮೊದಲ ಇನ್‌ವಾಯ್ಸಿನ ರೂಪಾಯಿ ಮೊತ್ತವೂ ಸದ್ದಿಲ್ಲದೆ ಬದಲಾಗುತ್ತದೆ. ಜಿಎಸ್‌ಟಿ ರಿಟರ್ನ್‌ನಲ್ಲಿ ಕೊಟ್ಟ ಅಂಕಿ ಒಂದು, ಫೈಲ್ ಈಗ ತೋರಿಸುವ ಅಂಕಿ ಇನ್ನೊಂದು.

ಇದೇ ಜನ ಶಿರಸಿಯಲ್ಲಿ ಅಡಿಕೆ ಮಾರಿ ಪಟ್ಟಿ ತಂದರೆ, ಮುಂದಿನ ವಾರ ದರ ಏರಿತೆಂದು ಆ ಹಳೆಯ ಪಟ್ಟಿಯನ್ನು ತಿದ್ದುವುದಿಲ್ಲ. ಆ ದಿನದ ದರ ಆ ದಿನದ ಚೀಟಿಗೆ ಅಂಟಿಕೊಂಡಿರುತ್ತದೆ. ರಫ್ತಿನ ಇನ್‌ವಾಯ್ಸಿಗೂ ಬೇಕಾದದ್ದು ಅಷ್ಟೇ. ದರವನ್ನು ಬೇರೆಲ್ಲಿಂದಲೋ ಎಳೆದು ತರುವ ಬದಲು ಇನ್‌ವಾಯ್ಸಿನ ಸಾಲಿನಲ್ಲೇ ಅಂಕಿಯಾಗಿ ಬರೆದಿಡಬೇಕು. ಪಕ್ಕದಲ್ಲಿ ಅದು ಯಾವ ದಿನದ್ದು, ಎಲ್ಲಿಂದ ಬಂದದ್ದು ಎಂಬುದೂ ಇರಬೇಕು.

ಆದರೆ ಬರೆದಿಡುವುದು ಯಾವ ದರವನ್ನು? ರೂಢಿಯ ಪದ್ಧತಿಯ ಬಗ್ಗೆ ನನ್ನ ದೊಡ್ಡ ತಕರಾರು ಇರುವುದು ಇಲ್ಲಿ. ಅದು ದರ ಒಂದೇ ಎಂದು ನಂಬಿಕೊಂಡಿದೆ. ಒಂದು ಆರ್ಡರ್‌ಗೆ ಕಡಿಮೆಯೆಂದರೂ ಮೂರು ದರ ಇರುತ್ತವೆ. ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಆರ್ಡರ್ ತೆಗೆದುಕೊಳ್ಳೋಣ. ಬಹರೈನಿನ ಅಂಗಡಿಯೊಂದಕ್ಕೆ ಕಾಲು ಕಿಲೋದ ಮೆಣಸಿನ ಪೊಟ್ಟಣ 60, ತಲಾ 1.375 ದಿನಾರ್. ಏಲಕ್ಕಿ 40, ತಲಾ 2.150. ಮುರುಗಲ ಸಿಪ್ಪೆ 48, ತಲಾ 0.685. ಒಟ್ಟು 201.380 ದಿನಾರ್.

ಬೆಲೆ ಹೇಳಿದ ದಿನ ಮೊಬೈಲಿನಲ್ಲಿ ಕಂಡ ದರ 226.50 ರೂಪಾಯಿ ಎಂದಿಟ್ಟುಕೊಳ್ಳಿ. ಅದು ಲಾಭನಷ್ಟ ಅಂದಾಜಿಸಲು ನಮಗೆ ನಾವೇ ಹಾಕಿಕೊಂಡ ದರ. ಲೆಕ್ಕಪತ್ರಕ್ಕೆ ಅದು ಬರಬೇಕಾಗಿಲ್ಲ. ಇನ್‌ವಾಯ್ಸಿನ ಜಿಎಸ್‌ಟಿ ಮೌಲ್ಯಕ್ಕೆ ಬೇರೆಯದೇ ದರವಿದೆ. ಸಿಜಿಎಸ್‌ಟಿ ನಿಯಮ 34ರ ಪ್ರಕಾರ ಸರಕಿಗೆ ಕಸ್ಟಮ್ಸ್ ಕಾಯ್ದೆಯ 14ನೇ ಸೆಕ್ಷನ್ ಅಡಿ ಪ್ರಕಟವಾದ ದರವನ್ನೇ ಹಿಡಿಯಬೇಕು. 2024ರ ಜುಲೈನಿಂದ ಈ ದರಗಳು ಐಸ್‌ಗೇಟ್ ಜಾಲತಾಣದಲ್ಲಿ ತಾವಾಗಿ ಪ್ರಕಟವಾಗುತ್ತಿವೆ, ತಿಂಗಳ ಮೊದಲ ಮತ್ತು ಮೂರನೇ ಗುರುವಾರ ಸಂಜೆ. ಆಮದಿಗೊಂದು ದರ, ರಫ್ತಿಗೊಂದು ದರ ಇರುತ್ತದೆ. ಕಾಲಂ ತಪ್ಪಿ ಆಮದಿನ ದರ ಎತ್ತಿಕೊಳ್ಳುವುದು ಮಾಮೂಲಿ ಎಡವಟ್ಟು. ಜಪಾನಿಗೆ ಕಳಿಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು, ಯೆನ್ ದರ ಅಲ್ಲಿ ನೂರು ಯೆನ್‌ಗೆ ಲೆಕ್ಕ.

ನಮ್ಮ ಆರ್ಡರ್‌ಗೆ ರಫ್ತಿನ ದರ 224.10 ಇತ್ತೆಂದರೆ ಇನ್‌ವಾಯ್ಸಿನ ಮೌಲ್ಯ 45,129.26 ರೂಪಾಯಿ. ಮೊಬೈಲ್ ದರ ಹಾಕಿದ್ದರೆ 45,612.57 ಆಗುತ್ತಿತ್ತು. ತೆರಿಗೆ ಕಟ್ಟದೆ ಎಲ್‌ಯುಟಿ ಮೇಲೆ ಕಳಿಸುವುದು, ಹಾಗಾಗಿ ಏನಾದರೇನು ಎನ್ನುವವರುಂಟು. ಆದರೆ ಡಬ್ಬಿ, ಪ್ಯಾಕಿಂಗ್, ಸಾಗಣೆಗೆ ಕೊಟ್ಟ ಜಿಎಸ್‌ಟಿಯ ಮರುಪಾವತಿ ಕೇಳುವಾಗ ಇದು ತಟ್ಟುತ್ತದೆ. 2022ರ ಜುಲೈನಲ್ಲಿ ತಿದ್ದುಪಡಿಯಾದ ನಿಯಮ 89(4), ಇನ್‌ವಾಯ್ಸ್ ಮತ್ತು ಶಿಪ್ಪಿಂಗ್ ಬಿಲ್ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯುತ್ತದೆ. ಹೆಚ್ಚು ಬರೆದರೆ ಲಾಭವಿಲ್ಲ, ಕಡಿಮೆ ಬರೆದರೆ ನಷ್ಟವಿದೆ.

ಸರಿಯಾಗಿ ಮಾಡಿದವರಿಗೂ ಎರಡು ಅಂಕಿ ಹೊಂದದೆ ಹೋಗಬಹುದು. ಕಸ್ಟಮ್ಸ್‌ನವರು ನೋಡುವುದು ಶಿಪ್ಪಿಂಗ್ ಬಿಲ್ ಸಲ್ಲಿಸಿದ ದಿನದ ದರವನ್ನು. ಘಟ್ಟದ ಮೇಲಿನ ಊರಿನಲ್ಲಿ ಇನ್‌ವಾಯ್ಸ್ ಬರೆದು ಪೆಟ್ಟಿಗೆ ಬೆಂಗಳೂರಿನ ವಿಮಾನ ನಿಲ್ದಾಣಕ್ಕೋ ಮಂಗಳೂರಿನ ಬಂದರಿಗೋ ಮುಟ್ಟುವಷ್ಟರಲ್ಲಿ ನಡುವೆ ಅಂಥ ಗುರುವಾರವೊಂದು ಬಂದರೆ ದರ ಬೇರೆಯಾಗಿರುತ್ತದೆ. ಅದು ತಪ್ಪಲ್ಲ. ಆದರೆ ಯಾವ ದಿನದ ದರ ಎಂದು ಬರೆದಿಡದವರಿಗೆ ಅದು ತಪ್ಪಲ್ಲವೆಂದು ತೋರಿಸಲು ದಾರಿಯಿಲ್ಲ.

ಮೂರನೆಯದು ಬ್ಯಾಂಕಿನ ದರ. ನಡುವಿನ ಬ್ಯಾಂಕು 5 ದಿನಾರ್ ಹಿಡಿದುಕೊಂಡು 196.380 ಕಳಿಸಿತು, ನಮ್ಮ ಬ್ಯಾಂಕು 222.85ರಂತೆ ಖಾತೆಗೆ 43,763.28 ರೂಪಾಯಿ ಹಾಕಿತು ಎನ್ನೋಣ. ಇನ್‌ವಾಯ್ಸಿಗೂ ಇದಕ್ಕೂ 1,365.98 ವ್ಯತ್ಯಾಸ. ಇಷ್ಟನ್ನೂ ‘ರೌಂಡ್ ಆಫ್’ ಖಾತೆಗೆ ತಳ್ಳಿ ಕೈತೊಳೆದುಕೊಳ್ಳುವುದು ನಾನು ಕಂಡ ಅತಿ ಕೆಟ್ಟ ಅಭ್ಯಾಸ. ಇದರಲ್ಲಿ 1,114.25 ಬ್ಯಾಂಕ್ ಶುಲ್ಕ, ಅಂದರೆ 5 ದಿನಾರ್. ಉಳಿದ 251.73 ಮಾತ್ರ ದರ ಇಳಿದದ್ದರಿಂದ ಆದ ನಷ್ಟ. ಮೊದಲನೆಯದರ ಬಗ್ಗೆ ಗಿರಾಕಿಯ ಹತ್ತಿರ ಮಾತಾಡಬಹುದು, ಕಳಿಸುವ ಖರ್ಚು ನಿಮ್ಮದೇ ಎಂದು ಮುಂದಿನ ಆರ್ಡರ್‌ನಲ್ಲಿ ಬರೆಸಬಹುದು. ಎರಡನೆಯದನ್ನು ಯಾರ ಹತ್ತಿರವೂ ಕೇಳುವಂತಿಲ್ಲ. ಬೇರೆ ಬೇರೆ ಬರೆಯದಿದ್ದರೆ ವರ್ಷದ ಕೊನೆಗೆ ದುಡ್ಡು ಎಲ್ಲಿ ಸೋರಿತೆಂದೇ ತಿಳಿಯದು. ಅಲ್ಲದೆ ಆ 5 ದಿನಾರ್ ಶುಲ್ಕವೆಂದು ನಮ್ಮ ಬ್ಯಾಂಕಿಗೆ ತಿಳಿಸದಿದ್ದರೆ ಶಿಪ್ಪಿಂಗ್ ಬಿಲ್ ಬಾಕಿ ಎಂದೇ ಉಳಿದುಬಿಡಬಹುದು.

ಇನ್ನು ಅಂಕಿ ಪೂರ್ಣಗೊಳಿಸುವ ವಿಷಯ. ದಿನಾರಿಗೆ ಸಾವಿರ ಫಿಲ್ಸ್, ಹಾಗಾಗಿ ಬಿಂದುವಿನ ಮುಂದೆ ಮೂರು ಅಂಕಿ. ಕುವೈತಿನ ದಿನಾರಿಗೂ ಒಮಾನಿನ ರಿಯಾಲಿಗೂ ಹೀಗೆಯೇ. ಎರಡೇ ಅಂಕಿಗೆ ಒಗ್ಗಿಸಿದ ಫೈಲಿನಲ್ಲಿ 1.375 ಎಂಬುದು 1.38 ಆಗುತ್ತದೆ, 0.685 ಎಂಬುದು 0.69 ಆಗುತ್ತದೆ, ಒಟ್ಟು 201.92ಕ್ಕೆ ಏರುತ್ತದೆ. ಒಪ್ಪಿದ ಬೆಲೆಗಿಂತ 0.540 ದಿನಾರ್ ಹೆಚ್ಚು, ಸುಮಾರು 121 ರೂಪಾಯಿ. ಗಿರಾಕಿ ತಾನು ಒಪ್ಪಿದ 201.380 ಮಾತ್ರ ಕಳಿಸುತ್ತಾನೆ, ನಮ್ಮ ಪುಸ್ತಕದಲ್ಲಿ ಅರ್ಧ ದಿನಾರ್ ಬಾಕಿ ನಿಂತಿರುತ್ತದೆ.

ಎಕ್ಸೆಲ್‌ನಲ್ಲಿ ಇನ್ನೊಂದು ಮೋಸವಿದೆ. ಪರದೆಯ ಮೇಲೆ ಎರಡೇ ಅಂಕಿ ಕಾಣುವಂತೆ ಮಾಡಿದರೆ ಒಳಗಿನ ಅಂಕಿ ಹಾಗೆಯೇ ಇರುತ್ತದೆ. ಮುದ್ರಿಸಿದ ಸಾಲುಗಳನ್ನು ಕೈಯಲ್ಲಿ ಕೂಡಿದರೆ ಕೆಳಗಿನ ಮೊತ್ತ ಬರದೆ ಹೋಗಬಹುದು. ಸಾಲಿನ ಮೊತ್ತವನ್ನು `=ROUND(C12*D12,3)` ಎಂದು ನಿಜವಾಗಿಯೇ ಪೂರ್ಣಗೊಳಿಸಿ, ಆಮೇಲೆ ಕೂಡಬೇಕು. ರೂಪಾಯಿಗೆ ತಿರುಗಿಸುವುದು ಕಟ್ಟಕಡೆಗೆ, ದಿನಾರಿನ ಒಟ್ಟು ಮೊತ್ತವನ್ನು, ಒಂದೇ ಸಲ. ಪೊಟ್ಟಣದ ಬೆಲೆಯನ್ನೇ ಮೊದಲು ರೂಪಾಯಿಗೆ ತಿರುಗಿಸಿ 308, 482, 154 ಎಂದು ಪೂರ್ಣ ಮಾಡಿ ಗುಣಿಸಿದರೆ ಮೇಲಿನ ಆರ್ಡರ್ 45,152 ಆಗುತ್ತದೆ. ಸುಮಾರು 23 ರೂಪಾಯಿ ಎಲ್ಲಿಂದಲೋ ಹುಟ್ಟಿಕೊಂಡಿತು. ತೆರಿಗೆಯನ್ನು ಹತ್ತಿರದ ರೂಪಾಯಿಗೆ ಪೂರ್ಣಗೊಳಿಸಿ ಎಂದು ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಹೇಳುವುದು ನಿಜ. ಅದು ಕಟ್ಟಬೇಕಾದ, ಮರಳಿ ಬರಬೇಕಾದ ಮೊತ್ತದ ಮಾತು, ಪೊಟ್ಟಣದ ಬೆಲೆಯದಲ್ಲ.

ಎಕ್ಸೆಲ್ ಬಿಟ್ಟು ಸಾಫ್ಟ್‌ವೇರ್ ಹಿಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಟ್ಯಾಲಿಯಲ್ಲಿ ವೋಚರ್‌ಗೇ ದರ ಬರೆಯಬಹುದು, ಹಳೆಯದು ಅಲುಗುವುದಿಲ್ಲ. ಇಆರ್‌ಪಿನೆಕ್ಸ್ಟ್‌ನಲ್ಲಿ ಪ್ರತಿ ಇನ್‌ವಾಯ್ಸಿಗೂ `conversion_rate` ಎಂಬ ಸ್ವಂತ ಅಂಕಣವಿದೆ. H1ರ ರೋಗಕ್ಕೆ ಇದು ಮದ್ದೇ. ಆದರೆ ಇಂಟರ್ನೆಟ್ಟಿನಿಂದ ತಾನಾಗಿ ತರುವ ದರ ಮಾರುಕಟ್ಟೆಯದು, ಕಸ್ಟಮ್ಸ್‌ನದಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದ ದಿನ ಹಳೆಯ ದರವನ್ನೇ ಬಳಸುವಂತೆ ಬಿಟ್ಟಿದ್ದರೆ ಅದೂ ಗೊತ್ತಾಗದೆ ಒಳಗೆ ಸೇರಿಕೊಳ್ಳುತ್ತದೆ. ತಿಂಗಳಿಗೆ ನಾಲ್ಕು ಇನ್‌ವಾಯ್ಸ್ ಬರೆಯುವವರು ಆ ಸೌಲಭ್ಯ ಮುಚ್ಚಿ ದರವನ್ನು ಕೈಯಲ್ಲೇ ತುಂಬುವುದು ಮೇಲು.

ದರ ಅಂಟಿಸಿಟ್ಟದ್ದರ ಉಪಯೋಗ ಸರಕಿಗೆ ಹಾನಿಯಾದಾಗ ಕಾಣುತ್ತದೆ. ಐದು ಮೆಣಸಿನ ಪೊಟ್ಟಣ ಹರಿದು ಹೋದವೆಂದು ಗಿರಾಕಿ ಎರಡು ತಿಂಗಳ ಮೇಲೆ ತಿಳಿಸಿದರೆ 6.875 ದಿನಾರಿನ ಕ್ರೆಡಿಟ್ ನೋಟ್ ಬರೆಯಬೇಕು. ಅದಕ್ಕೆ ಹಿಡಿಯುವುದು ಅವತ್ತಿನ ದರವಲ್ಲ, ಮೂಲ ಇನ್‌ವಾಯ್ಸಿನ 224.10. ಹಾಗಾದರೆ ಮಾರಾಟದಿಂದ ಕಳೆಯುವುದು 1,540.69 ರೂಪಾಯಿ, ಇಲ್ಲದ ವಿನಿಮಯ ಲಾಭವೊಂದು ಪುಸ್ತಕದಲ್ಲಿ ಮೂಡುವುದಿಲ್ಲ.