ಕಾಲು ಕಳೆದವರ ತೂಕದ ಲೆಕ್ಕ: ಒಂದು ವಿಮರ್ಶೆ

ದೇಹದ ತೂಕವನ್ನು ಕಿಲೋಗ್ರಾಮಿನಲ್ಲಿಯೂ ಎತ್ತರವನ್ನು ಮೀಟರಿನಲ್ಲಿಯೂ ಹಿಡಿದು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ದೇಹತೂಕಸೂಚಿಯೆಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂ ದೇಶದ ಕೆಟಲೆ ಎಂಬ ಪಂಡಿತನು ಈ ಭಾಗಾಕಾರವನ್ನು ಕಂಡುಕೊಂಡನು. 1972ರಲ್ಲಿ ಆನ್ಸೆಲ್ ಕೀಸ್ ಮೊದಲಾದವರು ಅದಕ್ಕೆ ಈಗಿನ ಹೆಸರನ್ನು ಕೊಟ್ಟರು. ಈ ಸಂಖ್ಯೆಯ ಅರ್ಥವೆಲ್ಲವೂ ಬಾಯಿಬಿಟ್ಟು ಹೇಳದ ಒಂದು ಮಾತನ್ನು ಆಧರಿಸಿದೆ: ತೂಗಿದ ದೇಹವು ಪೂರ್ಣವಾಗಿದೆ ಎಂಬುದೇ ಆ ಮಾತು. ಶಸ್ತ್ರಚಿಕಿತ್ಸೆಯಲ್ಲಿ ಒಂದು ಕಾಲನ್ನು ಕಳೆದುಕೊಂಡವನ ತೂಕವು ಇಳಿಯುವುದು, ಎತ್ತರವು ಇದ್ದಂತೆಯೇ ಇರುವುದು. ಆದುದರಿಂದ ಸೂಚಿಯು ಅವನ ದೇಹಸ್ಥಿತಿಯನ್ನು ನಿಜಕ್ಕಿಂತ ಕೃಶವಾಗಿ ತೋರಿಸುವುದು. ಇದನ್ನು ತಿದ್ದಲು ಆಹಾರತಜ್ಞರಲ್ಲಿ ಒಂದು ಕ್ರಮವು ರೂಢವಾಗಿದೆ. ಅದರ ಗುಣದೋಷಗಳನ್ನು ವಿಚಾರಿಸುವುದೇ ಇಲ್ಲಿಯ ಉದ್ದೇಶ.

ಕ್ರಮವು ಸರಳವಾದುದು. ಹೋದ ಅವಯವವು ಪೂರ್ಣದೇಹದ ತೂಕದಲ್ಲಿ ಎಷ್ಟು ಪಾಲೆಂಬುದನ್ನು ಕೋಷ್ಟಕದಿಂದ ತಿಳಿದು, ಅದನ್ನು 1ರಿಂದ ಕಳೆದು, ಉಳಿದುದರಿಂದ ಈಗಿನ ತೂಕವನ್ನು ಭಾಗಿಸಬೇಕು. ಆಸ್ಟರ್‌ಕ್ಯಾಂಪ್ 1995ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ ಪಾದವು ನೂರಕ್ಕೆ 1.5, ಜಂಘೆಯೂ ಪಾದವೂ ಸೇರಿ 5.9, ಇಡೀ ಕಾಲು 16. ಇಲ್ಲಿ ಜಂಘೆಯೆಂದರೆ ಮೊಣಕಾಲಿನಿಂದ ಹರಡಿನವರೆಗಿನ ಭಾಗ. ಇಂತಹ ಪ್ರಮಾಣಗಳ ಮೂಲವನ್ನು ಹುಡುಕಿದರೆ ನಾವು ಶವಗಳ ಮಾಪನಕ್ಕೆ ಹೋಗಿ ಮುಟ್ಟುವೆವು. 1889ರಲ್ಲಿ ಬ್ರೌನ್ ಮತ್ತು ಫಿಷರ್ ಮೂರು ಶವಗಳನ್ನು ಅಳೆದರು. 1955ರಲ್ಲಿ ಡೆಂಪ್‌ಸ್ಟರ್ ಎಂಟು ಗಂಡಸರ ಶವಗಳನ್ನು ಅಳೆದನು. ಇವರಿಗೆ ಬೇಕಾಗಿದ್ದುದು ಚಲನೆಯ ಯಂತ್ರಶಾಸ್ತ್ರ, ಪೋಷಣೆಯ ವಿಚಾರವಲ್ಲ. ಒಂದು ಪ್ರಯೋಜನಕ್ಕಾಗಿ ಹುಟ್ಟಿದ ಸಂಖ್ಯೆಯನ್ನು ಇನ್ನೊಂದಕ್ಕೆ ಬಳಸಬಾರದೆಂದಿಲ್ಲ. ಆದರೆ ಅದನ್ನು ಸರಾಸರಿಯ ಅಂದಾಜೆಂದು ಓದಬೇಕೇ ಹೊರತು ಎದುರಿಗಿರುವ ಮನುಷ್ಯನ ಕಾಲಿನ ತೂಕವೆಂದಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬನ ಎತ್ತರ 168 ಸೆಂಟಿಮೀಟರು. ಮೊಣಕಾಲಿನ ಕೆಳಗೆ ಒಂದು ಕಾಲನ್ನು ತೆಗೆದಿದ್ದಾರೆ. ಕೃತಕ ಕಾಲನ್ನು ಕಳಚಿ ತೂಗಿದರೆ 62 ಕಿಲೋಗ್ರಾಂ. ತಿದ್ದದೆ ಲೆಕ್ಕಹಾಕಿದರೆ ಸೂಚಿಯು 22.0. ಕೋಷ್ಟಕದ 5.9ನ್ನು ಹಾಗೆಯೇ ಹಿಡಿದು 62ನ್ನು 0.941ರಿಂದ ಭಾಗಿಸಿದರೆ ತೂಕವು 65.9, ಸೂಚಿಯು 23.3 ಆಗುವುದು. ಏಷ್ಯದ ಜನರಿಗೆ 23ನ್ನು ಎಚ್ಚರಿಕೆಯ ಗಡಿಯಾಗಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಸೂಚಿಸಿದ್ದಾರೆ. ನಮ್ಮ ಮನುಷ್ಯನು ಆ ಗಡಿಯನ್ನು ದಾಟಿದನು. ಆದರೆ ಅವನ ಜಂಘೆಯಲ್ಲಿ ಅರ್ಧವು ಉಳಿದಿದೆಯೆನ್ನೋಣ. ಆಗ ಹೋದುದು ಪಾದದ 1.5, ಜಂಘೆಯ 4.4ರಲ್ಲಿ ಅರ್ಧ 2.2, ಒಟ್ಟು 3.7 ಮಾತ್ರ. ತೂಕ 64.4, ಸೂಚಿ 22.8, ಅವನು ಗಡಿಯ ಈಚೆಗೇ ಉಳಿದನು. ಮೀನಖಂಡದ ಮಾಂಸವು ಮೇಲ್ಭಾಗದಲ್ಲಿಯೇ ಹೆಚ್ಚಾಗಿರುವುದರಿಂದ ಹೋದ ಕೆಳಗಿನ ಅರ್ಧವು ಇನ್ನೂ ಹಗುರವಾದುದು. ಮತ್ತೊಂದು ಕಡೆ, 2 ಕಿಲೋಗ್ರಾಮಿನ ಕೃತಕ ಕಾಲನ್ನು ತೊಟ್ಟಂತೆಯೇ ತೂಗಿ 5.9ನ್ನು ಹಿಡಿದರೆ ಸೂಚಿಯು 24.1ಕ್ಕೆ ಏರುವುದು. ದೇಹವು ಒಂದೇ, ಸಂಖ್ಯೆಗಳು ನಾಲ್ಕು. ಆದುದರಿಂದ ಎಲ್ಲಿ ಕಡಿದರು, ಏನನ್ನು ತೊಡಿಸಿ ತೂಗಿದರು ಎಂಬೆರಡನ್ನು ಬರೆಯದ ಸೂಚಿಯು ಅರ್ಥವಿಲ್ಲದುದು.

ಭಾಗಿಸುವ ಬದಲು ಈಗಿನ ತೂಕಕ್ಕೆ ಶೇಕಡಾ ಪಾಲನ್ನು ಕೂಡಿಸುವುದು ಇನ್ನೊಂದು ತಪ್ಪು. ಕೋಷ್ಟಕದ ಪಾಲು ಪೂರ್ಣದೇಹದ್ದು, ಉಳಿದ ದೇಹದ್ದಲ್ಲ. ಮೊಣಕಾಲಿನ ಕೆಳಗಾದರೆ ವ್ಯತ್ಯಾಸವು ಅತ್ಯಲ್ಪ. ಇಡೀ ಕಾಲು ಹೋದ 62 ಕಿಲೋಗ್ರಾಮಿನವನಲ್ಲಿ ಒಂದು ರೀತಿಯಿಂದ 73.8, ಇನ್ನೊಂದರಿಂದ 71.9 ಬರುವುದು.

ಇವು ಗಣಿತದ ತಪ್ಪುಗಳು. ಅರ್ಥದ ತಪ್ಪು ಇವಕ್ಕಿಂತ ಗಹನವಾದುದು. ನಮ್ಮ ಮನುಷ್ಯನು ಶಸ್ತ್ರಚಿಕಿತ್ಸೆಗೆ ಮುಂಚೆ 70 ಕಿಲೋಗ್ರಾಂ ಇದ್ದನೆಂದು ಭಾವಿಸೋಣ. ಅದರಲ್ಲಿ 3.7 ಪಾಲನ್ನು ಕಳೆದರೆ 67.4 ಇರಬೇಕಾಗಿತ್ತು, ಇರುವುದು 62. ಎಂದರೆ ಹೋದ ಕಾಲಿನ ಲೆಕ್ಕವನ್ನು ಬಿಟ್ಟಮೇಲೂ ಅವನು ನೂರಕ್ಕೆ ಎಂಟರಷ್ಟು ಕರಗಿದ್ದಾನೆ. 22.8 ಎಂಬ ನೆಮ್ಮದಿಯ ಸಂಖ್ಯೆಯು ಈ ಕ್ಷಯವನ್ನು ಮುಚ್ಚಿಡುವುದು. ಗಾಯವು ಮಾಯಬೇಕಾದ ಕಾಲದಲ್ಲಿ ಇದು ಅಲಕ್ಷ್ಯಮಾಡತಕ್ಕ ಸಂಗತಿಯಲ್ಲ. ಇದಕ್ಕೆ ವಿರುದ್ಧವಾಗಿ, ನಡೆದಾಟ ಕಡಿಮೆಯಾಗಿ ಮಾಂಸವು ಕರಗಿ ಕೊಬ್ಬು ಸೇರಿದರೆ ತೂಕವು ಬದಲಾಗದೆಯೇ ದೇಹವು ಕೆಡಬಹುದು. ಅದನ್ನು ತಿಳಿಯಲು ಸೊಂಟದ ಸುತ್ತಳತೆಯೇ ಮೊದಲಾದವು ಬೇಕು.

ಹೀಗೆ ನೋಡಿದರೆ ತಿದ್ದಿದ ತೂಕವು ಎಲ್ಲಿಯೂ ಇಲ್ಲದ ಒಬ್ಬ ಪೂರ್ಣಾಂಗನ ತೂಕ. ಸೂಚಿಯ ಗಡಿಗಳೊಡನೆ ಹೋಲಿಸುವುದಕ್ಕಷ್ಟೇ ಅದರ ಉಪಯೋಗ. ತಿಂಗಳಿಂದ ತಿಂಗಳಿಗೆ ಏರಿಳಿತವನ್ನು ನೋಡುವುದಕ್ಕೆ ಅದು ಬೇಕಿಲ್ಲ. ಎರಡು ತೂಕಗಳನ್ನೂ ಒಂದೇ ಸಂಖ್ಯೆಯಿಂದ ಭಾಗಿಸುವುದರಿಂದ ಶೇಕಡಾ ವ್ಯತ್ಯಾಸವು ಮೊದಲಿನಂತೆಯೇ ಉಳಿಯುವುದು. ಎರಡು ಕಾಲುಗಳೂ ಹೋದವರಲ್ಲಿ ಎತ್ತರವನ್ನೂ ಚಾಚಿದ ತೋಳುಗಳ ಅಳತೆಯಿಂದ ಊಹಿಸಬೇಕಾಗಿ, ಅಂದಾಜಿನ ಮೇಲೆ ಅಂದಾಜು ನಿಲ್ಲುವುದು. ಕ್ರಮವು ತ್ಯಾಜ್ಯವಲ್ಲ, ಆದರೆ ಅದರ ಫಲವನ್ನು ಒಂದೇ ಸಂಖ್ಯೆಯಾಗಿ ಹೇಳದೆ, ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಹೇಳುವುದೇ ನ್ಯಾಯವಾದ ವ್ಯಾಖ್ಯಾನ.